ಬೆಸುಗೆಯಿಲ್ಲದೆ ಕೀಲಿಮಣೆಯ ಸ್ವಿಚ್ ಬದಲಿಸುವುದು: ಪಿನ್ ಬಾಗದಂತೆ ಕೂರಿಸುವ ಕ್ರಮ

ನುಡಿ ವಿನ್ಯಾಸದಲ್ಲಿ ಕನ್ನಡ ಬೆರಳಚ್ಚು ಮಾಡುವವರ ಕೈಯಲ್ಲಿ F ಕೀಲಿಯಷ್ಟು ದುಡಿಯುವ ಕೀಲಿಗಳು ಕಡಿಮೆ. ಒತ್ತಕ್ಷರ ಮೂಡಬೇಕಾದಾಗಲೆಲ್ಲ ಎರಡು ವ್ಯಂಜನಗಳ ನಡುವೆ ಅದನ್ನು ಒತ್ತಲೇಬೇಕು. ‘ಅಕ್ಕ’ ಎಂದು ಬರೆಯುವುದಕ್ಕೂ ಅದು ಬೇಕು. ಮೈಸೂರು, ಮಂಡ್ಯಗಳ ಡಿಟಿಪಿ ಅಂಗಡಿಗಳಲ್ಲಿ ಮೆಕ್ಯಾನಿಕಲ್ ಕೀಲಿಮಣೆ ಬಳಸುವವರು ಒಂದು ದಿನ ಈ ಕೀಲಿಯ ಸ್ವಿಚ್ಚನ್ನು ಬದಲಿಸಬೇಕಾಗಿ ಬಂದರೆ ಆಶ್ಚರ್ಯವಿಲ್ಲ. ಒಮ್ಮೆ ಒತ್ತಿದ್ದು ಎರಡು ಸಲ ದಾಖಲಾಗತೊಡಗುತ್ತದೆ, ಇಲ್ಲವೇ ಗಟ್ಟಿಯಾಗಿ ಒತ್ತಿದಾಗ ಮಾತ್ರ ಅಕ್ಷರ ಮೂಡುತ್ತದೆ. ಕೀಲಿಮಣೆ ಹಾಟ್‌ಸ್ವ್ಯಾಪ್ ಸಾಕೆಟ್‌ಗಳದ್ದಾಗಿದ್ದರೆ ಬೆಸುಗೆಯ ಕಡ್ಡಿಯನ್ನು ಮುಟ್ಟದೆಯೇ ಆ ಒಂದು ಸ್ವಿಚ್ಚನ್ನು ಕಿತ್ತು ಹೊಸದನ್ನು ಕೂರಿಸಬಹುದು. ಈ ಕೆಲಸದಲ್ಲಿ ಹೆಚ್ಚಾಗಿ ಕೆಡುವುದು ಒಂದೇ ಸಂಗತಿ: ಸ್ವಿಚ್ಚಿನ ಅಡಿಯಲ್ಲಿರುವ ತೆಳುವಾದ ಲೋಹದ ಪಿನ್ ಸಾಕೆಟ್ಟಿನ ಒಳಗೆ ಇಳಿಯದೆ ಮಡಚಿಕೊಳ್ಳುತ್ತದೆ. ಆದ್ದರಿಂದ ಈ ಬರಹದ ಬಹುಪಾಲು ಆ ಪಿನ್ನಿನ ಸುತ್ತಲೇ ಇದೆ.

ಒಳಗೆ ಏನಿರುತ್ತದೆ

ಮಾಮೂಲಿ ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಸ್ವಿಚ್ಚಿನ ಎರಡು ಪಿನ್‌ಗಳನ್ನು ಪಿಸಿಬಿಗೆ, ಅಂದರೆ ಒಳಗಿನ ವಿದ್ಯುತ್ ಮಂಡಲದ ಹಲಗೆಗೆ, ನೇರವಾಗಿ ಬೆಸೆದಿರುತ್ತಾರೆ. ಹಾಟ್‌ಸ್ವ್ಯಾಪ್ ಕೀಲಿಮಣೆಯಲ್ಲಿ ಬೆಸೆದಿರುವುದು ಸ್ವಿಚ್ಚನ್ನಲ್ಲ, ಪಿಸಿಬಿಯ ತಳಭಾಗದಲ್ಲಿ ಅಂಟಿಕೊಂಡಂತೆ ಕೂತಿರುವ ಪುಟ್ಟ ಪ್ಲಾಸ್ಟಿಕ್ ಸಾಕೆಟ್ಟನ್ನು. ಇಂದು ಹೆಚ್ಚು ಬಳಕೆಯಲ್ಲಿರುವುದು ಕೈಲ್ ಮಾದರಿಯ ಸಾಕೆಟ್. ಅದರೊಳಗೆ ಎರಡು ಸ್ಪ್ರಿಂಗ್ ಲೋಹದ ಹಿಡಿಕೆಗಳಿದ್ದು, ಪಿಸಿಬಿಯ ರಂಧ್ರದ ಮೂಲಕ ಮೇಲಿನಿಂದ ಇಳಿದು ಬರುವ ಪಿನ್ನನ್ನು ಅವು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ. ವಿದ್ಯುತ್ ಸಂಪರ್ಕ ಉಂಟಾಗುವುದು ಈ ಹಿಡಿತದಿಂದಲೇ. ಸ್ವಿಚ್ಚಿನ ದೇಹವನ್ನು ಅಲುಗಾಡದಂತೆ ಹಿಡಿದಿಡುವುದು ಸಾಕೆಟ್ ಅಲ್ಲ, ಮೇಲಿರುವ ಪ್ಲೇಟ್. ಪ್ಲೇಟಿನ 14 ಮಿ.ಮೀ. ಚೌಕದ ಕಿಂಡಿಗೆ ಸ್ವಿಚ್ಚಿನ ಮೇಲಂಚು ಮತ್ತು ಕೆಳಅಂಚಿನ ಕೊಂಡಿಗಳು ಸಿಕ್ಕಿಕೊಳ್ಳುತ್ತವೆ.

ಇದರಿಂದ ಎರಡು ಪರಿಣಾಮಗಳಿವೆ. ಮೊದಲನೆಯದಾಗಿ, ಸ್ವಿಚ್ಚಿನ ದೇಹ ಪ್ಲೇಟಿನಲ್ಲಿ ‘ಟಕ್’ ಎಂದು ಸರಿಯಾಗಿ ಕೂತ ಮಾತ್ರಕ್ಕೆ ಪಿನ್ ಸಾಕೆಟ್ಟಿಗೆ ಇಳಿದಿದೆ ಎಂದು ಅರ್ಥವಲ್ಲ. ಪಿನ್ ಮಡಚಿ ಸ್ವಿಚ್ಚಿನ ಹೊಟ್ಟೆಗೆ ಒರಗಿದ್ದರೂ ಮೇಲಿನಿಂದ ನೋಡುವಾಗ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಎರಡನೆಯದಾಗಿ, ಮೇಲಿನಿಂದ ಒತ್ತುವ ಬಲವೆಲ್ಲ ಪಿನ್ನಿನ ಮೂಲಕ ಸಾಕೆಟ್ಟನ್ನು ಕೆಳಕ್ಕೆ, ಅಂದರೆ ಪಿಸಿಬಿಯಿಂದ ದೂರಕ್ಕೆ ತಳ್ಳುತ್ತದೆ. ಸಾಕೆಟ್ಟನ್ನು ಹಿಡಿದಿರುವುದು ಎರಡು ಬೆಸುಗೆಯ ತುಣುಕುಗಳು ಮಾತ್ರ. ಅತಿಯಾಗಿ ಒತ್ತಿದರೆ ಅವು ತಾಮ್ರದ ಪದರವನ್ನೂ ಕಿತ್ತುಕೊಂಡು ಎದ್ದುಬರಬಹುದು. ಬಾಗಿದ ಪಿನ್ನನ್ನು ನಿಮಿಷದಲ್ಲಿ ನೆಟ್ಟಗೆ ಮಾಡಬಹುದು, ಎದ್ದುಬಂದ ಸಾಕೆಟ್ಟನ್ನು ಹಾಗೆ ಸರಿಪಡಿಸಲಾಗದು. ಹೀಗಾಗಿ ಸ್ವಿಚ್ ಇಳಿಯದಿದ್ದಾಗ ಇನ್ನಷ್ಟು ಬಲ ಹಾಕುವುದು ಯಾವ ಸಂದರ್ಭದಲ್ಲೂ ಸರಿಯಾದ ಉತ್ತರವಲ್ಲ.

ಹೊಸ ಸ್ವಿಚ್ ತರಿಸುವ ಮುನ್ನ

ನಿಮ್ಮ ಕೀಲಿಮಣೆಗೆ ಯಾವ ಜಾತಿಯ ಸ್ವಿಚ್ ಹೊಂದುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿಯೋ ಮಾರಾಟದ ಪುಟದಲ್ಲಿಯೋ ಮೊದಲು ನೋಡಬೇಕು. ಚೆರ್ರಿ ಎಂಎಕ್ಸ್ ಮಾದರಿಯ ಸ್ವಿಚ್‌ಗಳು ಪರಸ್ಪರ ಹೊಂದುತ್ತವೆ; ಆದರೆ ಲೋ ಪ್ರೊಫೈಲ್, ಆಪ್ಟಿಕಲ್ ಮತ್ತು ಅಯಸ್ಕಾಂತೀಯ ಸ್ವಿಚ್‌ಗಳು ಬೇರೆಯೇ ಜಾತಿಗೆ ಸೇರಿದವು, ಅವುಗಳನ್ನು ಎಂಎಕ್ಸ್ ಸಾಕೆಟ್ಟಿಗೆ ಹಾಕಲು ಬಾರದು. ಇನ್ನೊಂದು ಎಚ್ಚರಿಕೆ ಹಳೆಯ ಅಗ್ಗದ ಹಾಟ್‌ಸ್ವ್ಯಾಪ್ ಕೀಲಿಮಣೆಗಳಿಗೆ ಸಂಬಂಧಿಸಿದ್ದು. ಅವುಗಳಲ್ಲಿ ಕೆಲವಕ್ಕೆ ತಳದಲ್ಲಿ ಪ್ಲಾಸ್ಟಿಕ್ ಸಾಕೆಟ್ ಇರುವುದಿಲ್ಲ. ಪಿಸಿಬಿಯ ರಂಧ್ರದೊಳಗೆ ಸಣ್ಣ ಲೋಹದ ಕೊಳವೆಗಳಿರುತ್ತವೆ ಮತ್ತು ಔಟೆಮು ಕಂಪನಿಯ ಕಿರಿದಾದ ಪಿನ್‌ಗಳಷ್ಟೇ ಅವುಗಳೊಳಗೆ ಇಳಿಯುತ್ತವೆ. ಬೇರೆ ಕಂಪನಿಯ ಅಗಲವಾದ ಪಿನ್ ಅಲ್ಲಿ ಎಷ್ಟು ನಾಜೂಕಾಗಿ ಇಟ್ಟರೂ ಮಡಚಿಕೊಳ್ಳುತ್ತದೆ. ಅನುಮಾನವಿದ್ದರೆ ಒಂದು ಸ್ವಿಚ್ಚನ್ನು ಕಿತ್ತು, ಟಾರ್ಚಿನ ಬೆಳಕಿನಲ್ಲಿ ರಂಧ್ರದೊಳಗೆ ನೋಡಿ: ದುಂಡನೆಯ ಕಿರಿದಾದ ಕೊಳವೆ ಕಂಡರೆ ಅದೇ ಕಂಪನಿಯ ಸ್ವಿಚ್ ತರಿಸುವುದು ಒಳ್ಳೆಯದು.

ಮೂರು ಕಾಲಿನ ಮತ್ತು ಐದು ಕಾಲಿನ ಸ್ವಿಚ್‌ಗಳ ವ್ಯತ್ಯಾಸವೂ ಇಲ್ಲಿಯೇ ತಿಳಿದಿರಬೇಕು. ಎಲ್ಲ ಸ್ವಿಚ್‌ಗಳಿಗೂ ಎರಡು ಲೋಹದ ಪಿನ್ ಮತ್ತು ನಡುವೆ ಒಂದು ದಪ್ಪ ಪ್ಲಾಸ್ಟಿಕ್ ಗೂಟ ಇರುತ್ತದೆ. ಐದು ಕಾಲಿನದ್ದಕ್ಕೆ ಆ ಗೂಟದ ಎಡಬಲಕ್ಕೆ ಇನ್ನೆರಡು ಸಣ್ಣ ಪ್ಲಾಸ್ಟಿಕ್ ಕಾಲುಗಳಿರುತ್ತವೆ. ಪಿಸಿಬಿಯಲ್ಲಿ ಆ ಕಾಲುಗಳಿಗೆ ರಂಧ್ರವಿಲ್ಲದಿದ್ದರೆ ಸ್ವಿಚ್ ಪೂರ್ತಿ ಇಳಿಯುವುದಿಲ್ಲ, ನಾವು ಒತ್ತುತ್ತ ಹೋದಂತೆ ಅದು ಓರೆಯಾಗಿ ಪಿನ್ನನ್ನು ಬಾಗಿಸುತ್ತದೆ. ಅಂಥ ಸ್ವಿಚ್ಚನ್ನು ವಾಪಸು ಕಳಿಸಬೇಕಾಗಿಲ್ಲ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಚಪ್ಪಟೆ ಬಾಯಿಯ ಸಣ್ಣ ವೈರ್ ಕಟರ್‌ನಿಂದ ಆ ಎರಡು ಪ್ಲಾಸ್ಟಿಕ್ ಕಾಲುಗಳನ್ನು ತಳಕ್ಕೆ ಸಮನಾಗಿ ಕತ್ತರಿಸಿದರೆ ಸಾಕು. ನಡುವಿನ ಗೂಟವನ್ನೂ ಲೋಹದ ಪಿನ್‌ಗಳನ್ನೂ ಕತ್ತರಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

ಕೀಳುವ ಕೆಲಸ

ಮೊದಲು ಕೇಬಲ್ ತೆಗೆಯಿರಿ. ಕೀಲಿಮಣೆಗೆ ಬ್ಯಾಟರಿ ಇದ್ದರೆ ಅದರ ಸ್ವಿಚ್ಚನ್ನೂ ಆರಿಸಿ. ಸ್ವಿಚ್ ಕೀಳುವ ಲೋಹದ ಪುಲ್ಲರ್ ಒಳಗಿನ ಎಲ್ಇಡಿಯ ಸಂಪರ್ಕಗಳಿಗೆ ತಗುಲುವ ಸಾಧ್ಯತೆ ಇರುವುದರಿಂದ ಈ ಎರಡು ಕ್ಷಣಗಳನ್ನು ಉಳಿಸಲು ಹೋಗಬಾರದು. ಹಲವು ಕೀಲಿಗಳನ್ನು ಬಿಚ್ಚುವುದಿದ್ದರೆ ಫೋನಿನಲ್ಲಿ ಇಡೀ ಕೀಲಿಮಣೆಯ ಒಂದು ಚಿತ್ರ ತೆಗೆದುಕೊಳ್ಳಿ.

ಕೀಕ್ಯಾಪನ್ನು, ಅಂದರೆ ಸ್ವಿಚ್ಚಿನ ಮೇಲಿರುವ ಅಕ್ಷರದ ಟೊಪ್ಪಿಯನ್ನು, ತಂತಿಯ ಪುಲ್ಲರಿನಿಂದ ಎರಡು ಎದುರುಬದುರು ಮೂಲೆಗಳಿಗೆ ಸಿಕ್ಕಿಸಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಕೀಲಿಗಳ ಕೆಳಗೆ ಅಗಲವನ್ನು ಸಮವಾಗಿ ಹಿಡಿಯುವ ಸ್ಟೆಬಿಲೈಜರ್ ತಂತಿ ಇರುವುದರಿಂದ ಅವುಗಳನ್ನು ಎರಡೂ ತುದಿಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು.

ಸ್ವಿಚ್ ಕೀಳುವ ಪುಲ್ಲರಿಗೆ ಇಕ್ಕಳದಂಥ ಎರಡು ಹಲ್ಲುಗಳಿರುತ್ತವೆ. ಕೀಲಿಮಣೆ ನಿಮ್ಮ ಮುಂದೆ ನೇರವಾಗಿದ್ದಾಗ ಸ್ವಿಚ್ಚಿನ ಕೊಂಡಿಗಳು ಮೇಲಂಚಿನಲ್ಲಿ ಮತ್ತು ಕೆಳಅಂಚಿನಲ್ಲಿರುತ್ತವೆ, ಎಡಬಲಗಳಲ್ಲಲ್ಲ. ಹಲ್ಲುಗಳನ್ನು ಅಲ್ಲಿಯೇ ಇಳಿಸಿ. ಹಲ್ಲಿನ ತುದಿ ಪ್ಲೇಟಿಗೆ ತಾಗಿದ ಮೇಲೆ ಗಟ್ಟಿಯಾಗಿ ಹಿಸುಕಿ, ಕೊಂಡಿಗಳು ಒಳಕ್ಕೆ ಸರಿದದ್ದು ಕೈಗೆ ತಿಳಿದ ನಂತರ ನೇರವಾಗಿ ಮೇಲಕ್ಕೆ ಎತ್ತಿ. ಬಿಗಿಯಾಗಿದ್ದರೆ ಮೇಲಂಚು, ಕೆಳಅಂಚುಗಳನ್ನು ಕೂದಲೆಳೆಯಷ್ಟು ಸರದಿಯಂತೆ ಎತ್ತಬಹುದು, ಆದರೆ ಬದಿಗೆ ತಿರುಚಬಾರದು. ತಿರುಚಿದಾಗ ಪಿನ್ ಬಾಗುವುದಷ್ಟೇ ಅಲ್ಲ, ಸಾಕೆಟ್ಟಿನ ಹಿಡಿಕೆಗಳೂ ಅಗಲವಾಗುತ್ತವೆ. ಹಲ್ಲುಗಳು ಮೇಲುಗಡೆಯ ಮುಚ್ಚಳವನ್ನಷ್ಟೇ ಹಿಡಿದುಬಿಟ್ಟರೆ ಮುಚ್ಚಳ ಕಿತ್ತು ಬಂದು ಒಳಗಿನ ಸ್ಪ್ರಿಂಗ್ ಹಾರಿಹೋಗುತ್ತದೆ, ತಳಭಾಗ ಮಾತ್ರ ಪ್ಲೇಟಿನಲ್ಲಿ ಉಳಿಯುತ್ತದೆ. ಹಾಗಾದಾಗ ತಳಭಾಗದ ಕೊಂಡಿಗಳನ್ನು ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಒಳಕ್ಕೆ ಒತ್ತಿ ಎತ್ತಬೇಕಾಗುತ್ತದೆ.

ಪಿನ್ ಪರೀಕ್ಷೆ, ಮತ್ತು ಕೂರಿಸುವುದು

ಸ್ವಿಚ್‌ಗಳು ಚೀಲದಲ್ಲೋ ಡಬ್ಬಿಯಲ್ಲೋ ಒಂದರ ಮೇಲೊಂದು ಬಿದ್ದುಕೊಂಡು ಕೊರಿಯರಿನಲ್ಲಿ ಬರುವುದರಿಂದ ಕೆಲವು ಪಿನ್‌ಗಳು ದಾರಿಯಲ್ಲಿಯೇ ಬಾಗಿರುತ್ತವೆ. ಆದ್ದರಿಂದ ಹೊಸ ಸ್ವಿಚ್ ಎಂಬ ನಂಬಿಕೆಯ ಮೇಲೆ ನೇರವಾಗಿ ಕೂರಿಸಲು ಹೋಗಬಾರದು. ಸ್ವಿಚ್ಚನ್ನು ತಲೆಕೆಳಗಾಗಿ ಹಿಡಿದು, ಕಿಟಕಿಯ ಬೆಳಕಿಗೆ ಎದುರಾಗಿ ಕಣ್ಣಿನ ಮಟ್ಟಕ್ಕೆ ತಂದು, ಮೊದಲು ಮುಂದಿನಿಂದ ಮತ್ತು ಆಮೇಲೆ ಪಕ್ಕದಿಂದ ನೋಡಿ. ಸುಮಾರು 3.3 ಮಿ.ಮೀ. ಉದ್ದದ ಎರಡು ಪಿನ್‌ಗಳೂ ನಡುವಿನ ಗೂಟಕ್ಕೆ ಸಮಾಂತರವಾಗಿರಬೇಕು. ಎರಡು ದಿಕ್ಕಿನಿಂದ ನೋಡುವುದು ಏಕೆಂದರೆ, ಪಿನ್ ಚಪ್ಪಟೆಯಾದ ಲೋಹದ ಪಟ್ಟಿಯಾಗಿರುವುದರಿಂದ ಅದು ಸುಲಭವಾಗಿ ಬಾಗುವುದು ಅಗಲದ ಕಡೆಗಲ್ಲ, ತೆಳುವಾದ ಕಡೆಗೆ. ಆ ಬಾಗು ಒಂದು ದಿಕ್ಕಿನಿಂದ ಮಾತ್ರ ಕಣ್ಣಿಗೆ ಬೀಳುತ್ತದೆ.

ಬಾಗಿದ್ದರೆ ಚಪ್ಪಟೆ ತುದಿಯ ಟ್ವೀಜರ್ ಅಥವಾ ಮೂತಿ ಕಿರಿದಾದ ಇಕ್ಕಳದಿಂದ ಪಿನ್ನನ್ನು ಅದರ ಬುಡದ ಹತ್ತಿರ ಹಿಡಿದು, ಒಂದೇ ನಿಧಾನವಾದ ಚಲನೆಯಲ್ಲಿ ನೆಟ್ಟಗೆ ಮಾಡಿ. ತುದಿಯನ್ನು ಹಿಡಿದು ಎಳೆದರೆ ಪಿನ್ ನಡುವಿನಲ್ಲಿ ಮತ್ತೊಂದು ಬಾಗು ಪಡೆದು ಅಂಕುಡೊಂಕಾಗುತ್ತದೆ. ನಂತರ ಇಡೀ ಪಿನ್ನನ್ನು ಟ್ವೀಜರಿನ ಎರಡು ಚಪ್ಪಟೆ ಮುಖಗಳ ನಡುವೆ ಒಮ್ಮೆ ಒತ್ತಿದರೆ ಉಳಿದ ಸಣ್ಣ ಅಲೆಯೂ ಹೋಗುತ್ತದೆ. ತಾಮ್ರದ ಮಿಶ್ರಲೋಹ ಪ್ರತಿಬಾರಿ ಮಡಚಿದಾಗಲೂ ಅದೇ ಜಾಗದಲ್ಲಿ ಪೆಡಸಾಗುತ್ತ ಬಂದು ಕೊನೆಗೆ ಮುರಿಯುತ್ತದೆ. ಪೂರ್ತಿ ಮಡಚಿಕೊಂಡಿದ್ದ ಪಿನ್ನನ್ನು ಒಂದು ಸಲ ನೆಟ್ಟಗೆ ಮಾಡಿ ಬಳಸಬಹುದು, ಎರಡನೆಯ ಸಲವೂ ಮಡಚಿತೆಂದರೆ ಆ ಸ್ವಿಚ್ಚನ್ನು ಬದಿಗಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುರಿದ ತುಣುಕು ಸಾಕೆಟ್ಟಿನೊಳಗೆ ಸಿಕ್ಕಿಕೊಂಡರೆ ಅದನ್ನು ಹೊರತೆಗೆಯುವುದು ಬಹಳ ಕಷ್ಟ.

ಇನ್ನು ಕೂರಿಸುವುದು. ಪ್ಲೇಟಿನ ಕಿಂಡಿಯೊಳಗೆ ಇಣುಕಿದರೆ ನಡುವೆ ಒಂದು ದೊಡ್ಡ ರಂಧ್ರ, ಅದರ ಮೇಲ್ಗಡೆ ಅಥವಾ ಕೆಳಗಡೆ ಎರಡು ಸಣ್ಣ ರಂಧ್ರಗಳು ಕಾಣುತ್ತವೆ. ಆ ಎರಡು ಸಣ್ಣ ರಂಧ್ರಗಳು ಯಾವ ಕಡೆಗಿವೆಯೋ ಸ್ವಿಚ್ಚಿನ ಪಿನ್‌ಗಳು ಅದೇ ಕಡೆಗೆ ಬರಬೇಕು. ಚೌಕದ ಕಿಂಡಿಯಾದ್ದರಿಂದ ಸ್ವಿಚ್ ತಿರುಗುಮುರುಗಾಗಿದ್ದರೂ ಒಳಗೆ ಹೋದಂತೆ ಅನಿಸುತ್ತದೆ, ಆಗ ಪಿನ್‌ಗಳಿಗೆ ಪಿಸಿಬಿಯ ಗಟ್ಟಿ ಮೈ ಸಿಕ್ಕಿ ಎರಡೂ ಮಡಚುತ್ತವೆ. ಒಂದೇ ಕೀಲಿಮಣೆಯಲ್ಲಿ ಕೆಲವು ಸ್ವಿಚ್‌ಗಳು ಉಳಿದವುಗಳಿಗೆ ತಿರುಗುಮುರುಗಾಗಿ ಇರುವುದೂ ಉಂಟು, ಹೀಗಾಗಿ ಪಕ್ಕದ ಸ್ವಿಚ್ಚನ್ನು ನೋಡಿ ದಿಕ್ಕು ನಿರ್ಧರಿಸದೆ ಆಯಾ ರಂಧ್ರಗಳನ್ನೇ ನೋಡಬೇಕು. ಪ್ಲೇಟಿಗೂ ಪಿಸಿಬಿಗೂ ನಡುವೆ ಫೋಮ್ ಹಾಕಿದ್ದರೆ ಅದರ ಸೀಳು ರಂಧ್ರದ ಮೇಲೆ ಸರಿಯಾಗಿ ಬಂದಿದೆಯೇ ಎಂಬುದನ್ನೂ ಆಗಲೇ ಗಮನಿಸಿ; ಫೋಮಿನ ಅಂಚು ಪಿನ್ನಿನ ಕೆಳಗೆ ಸಿಕ್ಕಿದರೂ ಪಿನ್ ಹಾದಿ ತಪ್ಪುತ್ತದೆ.

ದಿಕ್ಕು ಖಚಿತವಾದ ಮೇಲೆ ಸ್ವಿಚ್ಚನ್ನು ಎರಡು ಬೆರಳಿನಲ್ಲಿ ನೇರವಾಗಿ ಹಿಡಿದು ಒತ್ತದೆಯೇ ಕೆಳಗೆ ಇಳಿಸಿ. ಗೂಟ ನಡುವಿನ ರಂಧ್ರಕ್ಕೂ ಪಿನ್‌ಗಳ ತುದಿ ಸಣ್ಣ ರಂಧ್ರಗಳಿಗೂ ಸೇರಿದಾಗ ಸ್ವಿಚ್ ಅಲ್ಲಿಯೇ ನಿಂತು, ಅತ್ತಿತ್ತ ಸರಿಯಲು ನಿರಾಕರಿಸುತ್ತದೆ. ಈ ಹಂತ ಬರುವವರೆಗೆ ಬಲ ಹಾಕಲೇಬಾರದು. ಬಂದ ನಂತರ ಹೆಬ್ಬೆರಳನ್ನು ನಡುವಿನ ಕೂಡುಚಿಹ್ನೆಯ ಕಂಬದ ಮೇಲಿಡದೆ, ಎರಡು ಹೆಬ್ಬೆರಳುಗಳಿಂದ ಸ್ವಿಚ್ಚಿನ ಮೇಲಂಚು ಮತ್ತು ಕೆಳಅಂಚನ್ನು ಒಟ್ಟಿಗೆ ಒತ್ತಿ. ಒಂದೇ ಅಂಚನ್ನು ಮೊದಲು ಒತ್ತಿದರೆ ಆ ಕಡೆಯ ಕೊಂಡಿ ಮೊದಲು ಸಿಕ್ಕಿ ಸ್ವಿಚ್ ಓರೆಯಾಗುತ್ತದೆ; ಪಿನ್ ಕೂಡ ಅದರೊಡನೆ ಓರೆಯಾಗಿ ಸಾಕೆಟ್ಟಿನ ಬಾಯಿಯ ಅಂಚಿಗೆ ಬಡಿಯುತ್ತದೆ. ಪಿನ್ ಸರಿಯಾದ ಹಾದಿಯಲ್ಲಿ ಇಳಿಯುವಾಗ ಬೆಣ್ಣೆಯಲ್ಲಿ ಚಾಕು ಇಳಿದಂತೆ ಮೃದುವಾದ, ಒಂದೇ ಸಮನಾದ ತಡೆ ಕೈಗೆ ತಿಳಿಯುತ್ತದೆ. ಅದರ ಬದಲು ಥಟ್ಟನೆ ಗಟ್ಟಿ ತಡೆ ಬಂದರೆ ಅಲ್ಲಿಗೇ ನಿಲ್ಲಿಸಿ, ಸ್ವಿಚ್ಚನ್ನು ಹೊರತೆಗೆದು ಪಿನ್ ನೋಡಿ ಮತ್ತೆ ಮೊದಲಿನಿಂದ ಇಳಿಸಿ. ಕೀಲಿಮಣೆಯ ತಳಕವಚ ಬಿಚ್ಚಿರುವಾಗ ಈ ಕೆಲಸ ಮಾಡುವುದಾದರೆ ಒಂದು ಬೆರಳನ್ನು ಕೆಳಗಿನಿಂದ ಆ ಸಾಕೆಟ್ಟಿಗೇ ಆನಿಸಿ ಹಿಡಿದುಕೊಳ್ಳುವುದು ಅತ್ಯುತ್ತಮ, ಸಾಕೆಟ್ ಎದ್ದುಬರುವ ಭಯ ಅದರಿಂದ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಎಲ್ಲ ಸ್ವಿಚ್‌ಗಳನ್ನೂ ಬದಲಿಸುವವರು ಸಾಲಾಗಿ ಒಂದು ತುದಿಯಿಂದ ಕೀಳುತ್ತ ಬರುವ ಬದಲು ನಾಲ್ಕು ಮೂಲೆಗಳ ಮತ್ತು ನಡುವಿನ ಕೆಲವು ಸ್ವಿಚ್‌ಗಳನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು. ಹಲವು ಕೀಲಿಮಣೆಗಳಲ್ಲಿ ಪಿಸಿಬಿಯನ್ನು ಪ್ಲೇಟಿಗೆ ಹೊಂದಿಸಿ ಹಿಡಿದಿರುವುದೇ ಸ್ವಿಚ್‌ಗಳು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಪಿಸಿಬಿ ಕೆಳಕ್ಕೆ ಜಾರಿ ರಂಧ್ರಗಳ ಸಾಲು ತಪ್ಪುತ್ತದೆ.

ಮಂಡ್ಯದ ಒಂದು ಪ್ರಸಂಗ

ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುವ ಪರಿಚಿತ ತರುಣರೊಬ್ಬರು ತಮ್ಮ 87 ಕೀಲಿಗಳ ಕೀಲಿಮಣೆಯಲ್ಲಿ F ಎರಡೆರಡು ಸಲ ಬೀಳುತ್ತಿದ್ದುದರಿಂದ ಹೊಸ ಸ್ವಿಚ್ ಹಾಕಿ, ಸಂಜೆ ಮೈಸೂರಿಗೆ ನನಗೆ ಕರೆ ಮಾಡಿದರು. “ಅಣ್ಣಾ, ಹೊಸ ಸ್ವಿಚ್ ಹಾಕಿವ್ನಿ, ಆದ್ರೂ ಒಂದು ಒತ್ತಕ್ಷರಾನೂ ಬರ್ತಾ ಇಲ್ಲ ಕಣಣ್ಣಾ. ಮಂಡ್ಯ ಅಂತ ಹೊಡುದ್ರೆ ಮಂಡಯ ಅಂತ ಬತ್ತದೆ” ಎಂದರು. ಉಳಿದ ಕೀಲಿಗಳೆಲ್ಲ ಸರಿಯಾಗಿದ್ದು F ಮಾತ್ರ ಪೂರ್ತಿ ಸತ್ತಿರುವುದು ಆ ಒಂದು ಪದದಿಂದಲೇ ಸ್ಪಷ್ಟವಾಗಿತ್ತು. ತಂತ್ರಾಂಶದ ಮೇಲಿನ ಅನುಮಾನ ಕಳೆಯಲು ನುಡಿಯನ್ನು ಮುಚ್ಚಿ, ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು R ಒತ್ತಿ, ಬಂದ ಚೌಕದಲ್ಲಿ ಹೀಗೆ ಬರೆದು ಎಂಟರ್ ಒತ್ತಲು ಹೇಳಿದೆ:

```
osk
```

ಪರದೆಯ ಮೇಲೆ ಮೂಡುವ ಕೀಲಿಮಣೆಯಲ್ಲಿ ನಾವು ಒತ್ತಿದ ಕೀಲಿ ಬಣ್ಣ ಬದಲಿಸುತ್ತದೆ. D ಮತ್ತು G ಬದಲಿಸಿದವು, F ಬದಲಿಸಲಿಲ್ಲ. ಅಕ್ಕಪಕ್ಕದ ಕೀಲಿಗಳು ಸರಿಯಾಗಿರುವುದು ಮುಖ್ಯವಾದ ಸುಳಿವು. ಕೀಲಿಗಳು ಸಾಲು ಮತ್ತು ಕಂಬಗಳ ಜಾಲದಲ್ಲಿ ಜೋಡಣೆಯಾಗಿರುವುದರಿಂದ ಪಿಸಿಬಿಯ ತಂತುವೇ ಕೆಟ್ಟಿದ್ದರೆ ಸಾಮಾನ್ಯವಾಗಿ ಹಲವು ಕೀಲಿಗಳು ಒಟ್ಟಿಗೆ ಸಾಯುತ್ತವೆ. ಒಂದೇ ಕೀಲಿ, ಅದೂ ಆಗ ತಾನೇ ಕೈಯಾಡಿಸಿದ ಕೀಲಿ ಸತ್ತರೆ ಮೊದಲು ನೋಡಬೇಕಾದ್ದು ಪಿನ್ನನ್ನೇ.

ಕೇಬಲ್ ತೆಗೆದು ಸ್ವಿಚ್ಚನ್ನು ಕಿತ್ತು ಫೋಟೊ ಕಳಿಸಿದರು. ಒಂದು ಪಿನ್ ನೆಟ್ಟಗಿತ್ತು, ಇನ್ನೊಂದು ಸ್ವಿಚ್ಚಿನ ತಳಕ್ಕೆ ಅಂಟಿಕೊಂಡಂತೆ ಮಲಗಿತ್ತು. ಸ್ವಿಚ್ ಕೆಲಸ ಮಾಡಲು ಎರಡು ಪಿನ್‌ಗಳೂ ಸಾಕೆಟ್ಟಿಗೆ ಸೇರಬೇಕಾದ್ದರಿಂದ ಒಂದು ಮಡಚಿದರೂ ಕೀಲಿ ಪೂರ್ತಿ ಸಾಯುತ್ತದೆ, ಅರ್ಧ ಕೆಲಸ ಮಾಡುವುದಿಲ್ಲ. ಅವರು ಅದನ್ನು ಬುಡದಲ್ಲಿ ಹಿಡಿದು ನೆಟ್ಟಗೆ ಮಾಡಿದರು. ಆದರೆ ದಿನವಿಡೀ ಒತ್ತಿಸಿಕೊಳ್ಳುವ F ಜಾಗಕ್ಕೆ ಒಮ್ಮೆ ಮಡಚಿದ ಪಿನ್ನಿನ ಸ್ವಿಚ್ ಬೇಡವೆಂದು ನಾನು ಸೂಚಿಸಿದೆ. ಅವರ ಕೆಲಸದಲ್ಲಿ ಎಂದೂ ಬಳಕೆಯಾಗದ ಸ್ಕ್ರೋಲ್ ಲಾಕ್ ಕೀಲಿಯ ಸ್ವಿಚ್ಚನ್ನು ಕಿತ್ತು F ಜಾಗಕ್ಕೆ ಹಾಕಿ, ನೆಟ್ಟಗೆ ಮಾಡಿದ್ದನ್ನು ಸ್ಕ್ರೋಲ್ ಲಾಕ್ ಜಾಗಕ್ಕೆ ಕೂರಿಸಿದರು. ಬಿಡಿ ಸ್ವಿಚ್ ಕೊರಿಯರಿನಲ್ಲಿ ಬರುವವರೆಗೆ ಕೆಲಸ ನಿಲ್ಲಬಾರದೆಂದಿದ್ದರೆ ಇದು ಎಲ್ಲರೂ ಅನುಸರಿಸಬಹುದಾದ ಉಪಾಯ. ಕಂಪ್ಯೂಟರಿಗೆ ಮರಳಿ ಸೇರಿಸಿದಾಗ ಎರಡು ಕೀಲಿಗಳೂ ಪರದೆಯಲ್ಲಿ ಬೆಳಗಿದವು, ಮಂಡ್ಯಕ್ಕೆ ಯ ಒತ್ತು ಮರಳಿತು.

ಪಿನ್ ನೆಟ್ಟಗಿದ್ದರೂ ಕೀಲಿ ಸತ್ತಿದ್ದರೆ

ಆಗ ಮೊದಲು ಬೇರೆ ಕೀಲಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಸ್ವಿಚ್ಚೊಂದನ್ನು ತಂದು ಅಲ್ಲಿ ಕೂರಿಸಿ ನೋಡಿ. ಅದು ಕೆಲಸ ಮಾಡಿದರೆ ದೋಷ ಹೊಸ ಸ್ವಿಚ್ಚಿನದ್ದು. ಅದೂ ಸತ್ತರೆ ಸಾಕೆಟ್ಟನ್ನು ಪರೀಕ್ಷಿಸಬೇಕು. ಸ್ವಿಚ್ ತೆಗೆದು, ಕೀಲಿಮಣೆಯನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಸೇರಿಸಿ, ಲೋಹದ ಟ್ವೀಜರಿನ ಎರಡು ತುದಿಗಳನ್ನು ಆ ಎರಡು ಸಣ್ಣ ರಂಧ್ರಗಳೊಳಗಿನ ಲೋಹಕ್ಕೆ ಒಂದೇ ಸಮಯದಲ್ಲಿ ತಗುಲಿಸಿ. ಸ್ವಿಚ್ ಒತ್ತಿದಾಗ ಆಗುವುದೂ ಇದೇ, ಎರಡು ಸಂಪರ್ಕಗಳು ಕೂಡುತ್ತವೆ, ಅಷ್ಟೇ. ಪಕ್ಕದ ಎಲ್ಇಡಿಗೆ ಮಾತ್ರ ಟ್ವೀಜರ್ ತಾಗಕೂಡದು. ಪರದೆಯಲ್ಲಿ ಅಕ್ಷರ ಬಂದರೆ ಸಾಕೆಟ್ಟಿನ ಬೆಸುಗೆ ಗಟ್ಟಿಯಾಗಿದೆ ಎಂದರ್ಥ. ಆಗ ಉಳಿಯುವ ಕಾರಣ ಹಿಡಿಕೆ ಸಡಿಲವಾಗಿರುವುದು: ದಪ್ಪ ಪಿನ್ನಿನ ಸ್ವಿಚ್ ಬಹುಕಾಲ ಇದ್ದ ಸಾಕೆಟ್ಟಿನಲ್ಲಿ ತೆಳು ಪಿನ್ನಿನದ್ದು ಬಿಗಿಯಾಗಿ ನಿಲ್ಲದೆ, ಸ್ವಿಚ್ಚನ್ನು ಅಲುಗಾಡಿಸಿದಾಗ ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಕೈಲ್ ಸಾಕೆಟ್‌ಗಳಿಗೆ ಸಾಮಾನ್ಯವಾಗಿ ಹೇಳುವ ಆಯುಷ್ಯ 100 ಸಲ ಹಾಕಿ ತೆಗೆಯುವಷ್ಟು. ತಿರುಚಿ ಕೀಳುವ ಕೈಯಲ್ಲಿ ಅದು ಅಷ್ಟು ಬಾಳುವುದಿಲ್ಲ.

ಟ್ವೀಜರಿನಿಂದಲೂ ಅಕ್ಷರ ಬಾರದಿದ್ದರೆ, ಮತ್ತು ತಳಕವಚ ಬಿಚ್ಚಿ ಸಾಕೆಟ್ಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದಾಗ ಮಾತ್ರ ಅಕ್ಷರ ಬರುತ್ತಿದ್ದರೆ, ಸಾಕೆಟ್ ಒಂದು ಕಡೆ ಬೆಸುಗೆ ಬಿಟ್ಟಿದೆ. ಇಲ್ಲಿಂದ ಮುಂದೆ ಬೆಸುಗೆ ಬೇಕೇ ಬೇಕು. ಬೆಸುಗೆ ಮಾತ್ರ ಬಿರುಕು ಬಿಟ್ಟು ತಾಮ್ರದ ಪದರ ಉಳಿದಿದ್ದರೆ ಮೊಬೈಲ್ ಅಥವಾ ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಬೆಸೆದು ಕೊಡಬಲ್ಲರು. ಪದರವೇ ಕಿತ್ತು ಬಂದಿದ್ದರೆ ಸಾಕೆಟ್ಟಿನಿಂದ ಆ ತಂತುವಿನ ಮುಂದಿನ ಬಿಂದುವಿಗೆ ತೆಳುವಾದ ತಂತಿಯೊಂದನ್ನು ಬೆಸೆಯಬೇಕಾಗುತ್ತದೆ. ಅಂಗಡಿಗೆ ಕೊಂಡೊಯ್ಯುವಾಗ ಆ ಜಾಗದ ಸ್ವಿಚ್ಚನ್ನು ತೆಗೆದೇ ಇಡಿ ಮತ್ತು ಸಾಕೆಟ್ ಸಡಿಲವಾಗಿ ಕಳಚಿ ಬಂದಿದ್ದರೆ ಅದನ್ನು ಕಾಗದದಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಒಳಗಿನ ಹಿಡಿಕೆಗಳು ಸರಿಯಾಗಿದ್ದರೆ ಅದೇ ಸಾಕೆಟ್ಟನ್ನು ಮತ್ತೆ ಬೆಸೆಯಬಹುದು.